ವಾಟ್ಸಾಪ್‌ನಲ್ಲಿ ಮಾತು ಉಳಿಸಿಕೊಂಡು ದೊಡ್ಡ ಫೈಲುಗಳನ್ನಷ್ಟೇ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್ ತುಂಬಿತು ಅಂದ ತಕ್ಷಣ ತುಂಬಾ ಜನ ಗ್ರೂಪನ್ನೇ ಖಾಲಿ ಮಾಡಿಬಿಡುತ್ತಾರೆ. ವಿಡಿಯೋಗಳ ಜೊತೆಗೆ ವರ್ಷಗಟ್ಟಲೆ ಆಡಿದ ಮಾತೂ ಹೋಗುತ್ತದೆ. ಅದರ ಅಗತ್ಯವೇ ಇಲ್ಲ. ವಾಟ್ಸಾಪ್ ಒಳಗೇ ಇರುವ Manage storage ಅನ್ನೋ ಪರದೆಯಲ್ಲಿ ಒಂದೊಂದು ಚಾಟ್ ತೆರೆದು, ಜಾಗ ತಿನ್ನುವ ಫೈಲುಗಳನ್ನು ಮಾತ್ರ ಆರಿಸಿ ತೆಗೆಯಬಹುದು. ಆ ಪರದೆಯ ಬಗ್ಗೆ ಮನೆಯವರು, ಸ್ನೇಹಿತರು, ಅಕ್ಕಪಕ್ಕದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವರ ಫೋನಿನಲ್ಲಿ ವಾಟ್ಸಾಪ್ ಇಂಗ್ಲಿಷಿನಲ್ಲೇ ಇರುತ್ತದೆ. ಹಾಗಾಗಿ ಪರದೆಯ ಮೇಲಿನ ಹೆಸರುಗಳನ್ನು ಕಾಣುವ ಹಾಗೇ ಕೊಟ್ಟಿದ್ದೇನೆ.

ಈ ಪರದೆ ಎಲ್ಲಿದೆ? ತೆರೆದರೆ ಏನೇನು ಕಾಣುತ್ತದೆ?

ವಾಟ್ಸಾಪ್‌ನ Settings ತೆರೆದು Storage and data ಒತ್ತಿ. ಅದರಲ್ಲಿ Manage storage ಇರುತ್ತದೆ. ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಇದೇ ದಾರಿ. 2020ರ ನವೆಂಬರ್‌ನಲ್ಲಿ ಈ ಪರದೆಗೆ ಈಗಿನ ರೂಪ ಬಂತು. ಅದಾದ ಮೇಲೆ ಸಣ್ಣಪುಟ್ಟ ಬದಲಾವಣೆಗಳು ಆಗಿವೆ, ಕೆಲಸ ಮಾತ್ರ ಅದೇ.

ಮೇಲೆ ಒಂದು ಅಡ್ಡಪಟ್ಟಿ ಇರುತ್ತದೆ. ವಾಟ್ಸಾಪ್ ಫೈಲುಗಳು ಎಷ್ಟು ಜಾಗ ಹಿಡಿದಿವೆ, ಫೋನಿನಲ್ಲಿ ಎಷ್ಟು ಜಾಗ ಉಳಿದಿದೆ ಅನ್ನೋದನ್ನು ಅದು ತೋರಿಸುತ್ತದೆ. ಅದರ ಕೆಳಗೆ ಎರಡು ಗುಂಪು: Forwarded many times ಮತ್ತು Larger than 5 MB. ಇವೆರಡೂ ಎಲ್ಲ ಚಾಟ್‌ಗಳಿಂದ ಹೆಕ್ಕಿ ತಂದ ಫೈಲುಗಳು. ಅದಕ್ಕೂ ಕೆಳಗೆ ನಿಮ್ಮ ಚಾಟ್‌ಗಳ ಸಾಲು. ಜಾಸ್ತಿ ಜಾಗ ಹಿಡಿದಿರುವ ಚಾಟ್ ಮೇಲೆ, ಕಡಿಮೆ ಹಿಡಿದಿರುವುದು ಕೆಳಗೆ. ನಮಗೆ ಬೇಕಾಗಿರುವುದು ಈ ಸಾಲೇ.

ಕೆಲವು ಆವೃತ್ತಿಗಳಲ್ಲಿ ಚಾಟ್ ತೆರೆದು ಮೇಲಿನ ಹೆಸರು ಒತ್ತಿದರೂ ಆ ಚಾಟ್‌ನ ಸ್ಟೋರೇಜ್ ಪರದೆಗೆ ದಾರಿ ಸಿಗುತ್ತದೆ. ನಿಮ್ಮಲ್ಲಿ ಕಾಣದಿದ್ದರೆ Settings ಮೂಲಕವೇ ಹೋಗಿ.

ಇಲ್ಲಿ ಅಳಿಸಿದರೆ ನಾವು ಬರೆದ ಮೆಸೇಜುಗಳೂ ಹೋಗುತ್ತವಾ?

ಬರೀ ಅಕ್ಷರದಲ್ಲಿರುವ ಮೆಸೇಜುಗಳು ಹೋಗುವುದಿಲ್ಲ. ಈ ಪರದೆಯಲ್ಲಿ ಅವು ಕಾಣಿಸುವುದೇ ಇಲ್ಲ, ಹಾಗಾಗಿ ತಪ್ಪಿ ಆರಿಸುವ ಭಯವೂ ಇಲ್ಲ. ಫೋಟೋ, ವಿಡಿಯೋ, ಡಾಕ್ಯುಮೆಂಟ್, ಆಡಿಯೋ ಇಂಥವು ಮಾತ್ರ ಬರುತ್ತವೆ.

ಅಕ್ಷರ ಅಳಿಸಿ ಜಾಗ ಉಳಿಸಲು ಹೋಗುವುದರಲ್ಲಿ ಅರ್ಥವೂ ಇಲ್ಲ. ಲೆಕ್ಕ ನೋಡಿ. ಕನ್ನಡದ ಒಂದೊಂದು ಸಂಕೇತಕ್ಕೆ, ಅಂದರೆ ವ್ಯಂಜನ, ಗುಣಿತದ ಚಿಹ್ನೆ, ಒತ್ತಿನ ಚಿಹ್ನೆ ಪ್ರತಿಯೊಂದಕ್ಕೂ, 3 ಬೈಟ್ ಬೇಕು. "ಹೇಗಿದ್ದೀರಿ" ಅನ್ನೋದರಲ್ಲಿ ಅಂಥ 10 ಸಂಕೇತಗಳಿವೆ, ಒಟ್ಟು 30 ಬೈಟ್. 16 ಎಂಬಿಯ ಒಂದು ವಿಡಿಯೋ ಹಿಡಿಯುವ ಜಾಗದಲ್ಲಿ ಇದೇ ಪದವನ್ನು ಐದು ಲಕ್ಷಕ್ಕೂ ಹೆಚ್ಚು ಸಲ ಬರೆಯಬಹುದು. ಸಮಯ, ಕಳಿಸಿದವರ ಹೆಸರು ಇಂಥ ವಿವರಗಳಿಗೂ ಸ್ವಲ್ಪ ಜಾಗ ಹೋಗುತ್ತದೆ ನಿಜ. ಆದರೂ ವಿಡಿಯೋದ ಮುಂದೆ ಅದು ಏನೂ ಅಲ್ಲ.

ಫೋಟೋ ಕೆಳಗೆ ಬರೆದ ಸಾಲುಗಳು ಉಳಿಯುತ್ತವಾ?

ಇಲ್ಲ. ಈ ಒಂದು ವಿಷಯವನ್ನು ಗಮನವಿಟ್ಟು ಓದಿ. ಮಾತು ಉಳಿಯುತ್ತದೆ ಅಂದುಕೊಂಡವರಿಗೆ ನಷ್ಟ ಆಗುವುದು ಇಲ್ಲೇ.

ಫೋಟೋ ಅಥವಾ ವಿಡಿಯೋ ಕಳಿಸುವಾಗ ಅದರ ಜೊತೆಗೇ ಬರೆದ ಸಾಲು ಬೇರೆ ಮೆಸೇಜ್ ಅಲ್ಲ. ಅದು ಆ ಫೋಟೋದ ಮೆಸೇಜಿನದೇ ಭಾಗ. Manage storage ಒಳಗೆ ಫೋಟೋ ಅಳಿಸಿದರೆ ಇಡೀ ಮೆಸೇಜ್ ನಿಮ್ಮ ಚಾಟ್‌ನಿಂದ ಹೋಗುತ್ತದೆ, ಸಾಲೂ ಜೊತೆಗೆ ಹೋಗುತ್ತದೆ. ಅದೇ ಮಾತನ್ನು ಫೋಟೋ ಕಳಿಸಿದ ಮೇಲೆ ಪ್ರತ್ಯೇಕವಾಗಿ ಬರೆದಿದ್ದರೆ ಉಳಿದುಕೊಳ್ಳುತ್ತದೆ.

ನಮ್ಮ ಮನೆಗಳ ಗ್ರೂಪುಗಳಲ್ಲಿ ಇದು ತುಂಬಾ ಮುಖ್ಯ. ಯಾರೋ ಮಜ್ಜಿಗೆ ಹುಳಿಯ ವಿಡಿಯೋ ಕಳಿಸಿ, ಅದರ ಕೆಳಗೇ ಅಳತೆ ಎಲ್ಲಾ ಬರೆದಿರುತ್ತಾರೆ. ಸೈಟಿನ ನಕ್ಷೆಯ ಫೋಟೋ ಕೆಳಗೆ ಸರ್ವೆ ನಂಬರ್ ಇರುತ್ತದೆ. ಬಿಲ್ಲಿನ ಫೋಟೋ ಕೆಳಗೆ ಯಾರಿಗೆ ಎಷ್ಟು ಕೊಟ್ಟೆವು ಅನ್ನೋದು ಇರುತ್ತದೆ. ಸ್ಟೋರೇಜ್ ಪರದೆಯಲ್ಲಿ ಕಾಣುವುದು ಬರೀ ಚೌಕಾಕಾರದ ಪುಟ್ಟ ಚಿತ್ರಗಳು, ಕೆಳಗಿನ ಸಾಲು ಅಲ್ಲಿ ಕಾಣುವುದಿಲ್ಲ.

ಹಾಗಾದರೆ ಆ ಸಾಲುಗಳನ್ನು ಉಳಿಸಿಕೊಳ್ಳುವುದು ಹೇಗೆ?

ಅಳಿಸುವ ಮೊದಲು ಆ ಚಾಟ್‌ನ ಅಕ್ಷರವನ್ನೆಲ್ಲಾ ಒಂದು ಫೈಲಾಗಿ ಹೊರಗೆ ತೆಗೆದಿಟ್ಟುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಚಾಟ್ ತೆರೆದು, ಬಲ ಮೇಲ್ತುದಿಯ ಮೂರು ಚುಕ್ಕಿ ಒತ್ತಿ, More ಒಳಗೆ Export chat ಆರಿಸಿ. ಐಫೋನಿನಲ್ಲಿ ಚಾಟ್‌ನ ಹೆಸರು ಒತ್ತಿ ಕೆಳಗೆ ಹೋದರೆ ಅದೇ ಹೆಸರಿನ ಆಯ್ಕೆ ಇದೆ. ಮೀಡಿಯಾ ಬೇಕಾ ಅಂತ ಕೇಳಿದಾಗ Without media ಅನ್ನಿ. ಒಂದು `.txt` ಫೈಲ್ ಸಿಗುತ್ತದೆ. ಅದನ್ನು ನಿಮ್ಮ ಇಮೇಲ್‌ಗೋ ಡ್ರೈವ್‌ಗೋ ಕಳಿಸಿಕೊಳ್ಳಿ.

ಆ ಫೈಲಿನಲ್ಲಿ ಫೋಟೋ ಇದ್ದ ಜಾಗದಲ್ಲಿ ಫೋಟೋ ಬಿಟ್ಟಿದ್ದೇವೆ ಅನ್ನೋ ಗುರುತು ಮಾತ್ರ ಇರುತ್ತದೆ, ಅದರ ಜೊತೆ ಬರೆದಿದ್ದ ಸಾಲು ಉಳಿದಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಹೀಗೆ ಕಾಣುತ್ತದೆ:

```
<Media omitted>
ಹುಳಿ ಮಜ್ಜಿಗೆ 2 ಲೋಟ, ಕಡಲೆಬೇಳೆ 2 ಚಮಚ ನೆನೆಸಿದ್ದು
```

ಫೈಲ್ ಬಂದಿದೆಯಾ, ತೆರೆಯುತ್ತದಾ, ಬೇಕಾದ ಸಾಲು ಅದರಲ್ಲಿ ಇದೆಯಾ ಅಂತ ಒಮ್ಮೆ ಹುಡುಕಿ ನೋಡಿದ ಮೇಲೆಯೇ ಅಳಿಸಲು ಕೈ ಹಾಕಿ. ಹೀಗೆ ಹೊರತೆಗೆಯಲು ಒಂದು ಮಿತಿ ಇದೆ: ಮೀಡಿಯಾ ಇಲ್ಲದೆ ಇಮೇಲ್‌ಗೆ ಕಳಿಸಿದರೆ ಇತ್ತೀಚಿನ 40,000 ಮೆಸೇಜುಗಳು, ಮೀಡಿಯಾ ಸಮೇತವಾದರೆ 10,000. ತುಂಬಾ ಹಳೆಯ ಗ್ರೂಪಾದರೆ ಮೊದಲ ವರ್ಷಗಳು ಬಿಟ್ಟುಹೋಗಬಹುದು. ಗ್ರೂಪಿನವರು Advanced chat privacy ಹಾಕಿದ್ದರೆ ಹೊರತೆಗೆಯಲು ಬಿಡುವುದೂ ಇಲ್ಲ. ಆಗ ಮುಖ್ಯವಾದ ಸಾಲುಗಳನ್ನು ಒಂದೊಂದಾಗಿ ಕಾಪಿ ಮಾಡಿ, ನಿಮಗೆ ನೀವೇ ಮೆಸೇಜ್ ಮಾಡಿಟ್ಟುಕೊಳ್ಳಬೇಕು.

ಒಂದು ಚಾಟ್ ತೆಗೆದುಕೊಂಡು ಮೊದಲಿಂದ ಕೊನೆವರೆಗೆ ಮಾಡಿ ತೋರಿಸುತ್ತೀರಾ?

ನಮ್ಮ ಚಿಕ್ಕಮ್ಮನ ಫೋನಿನ ಕತೆಯನ್ನೇ ಹೇಳುತ್ತೇನೆ. 64 ಜಿಬಿಯ ಆಂಡ್ರಾಯ್ಡ್ ಫೋನ್. ಉಳಿದಿದ್ದ ಜಾಗ 1.3 ಜಿಬಿ. ಕ್ಯಾಮೆರಾ ತೆರೆದರೆ ಜಾಗ ಸಾಲದು ಅನ್ನುತ್ತಿತ್ತು. Manage storage ತೆರೆದಾಗ ಸಾಲಿನ ಮೊದಲಿಗೆ ಇದ್ದಿದ್ದು ಮನೆಯವರ ಗ್ರೂಪ್, 6.1 ಜಿಬಿ. ಎರಡನೆಯದು ತವರಿನ ಗ್ರೂಪ್. ಆಮೇಲಿನವು ಒಂದು ಜಿಬಿಯನ್ನೂ ದಾಟಿರಲಿಲ್ಲ. ಅಂದರೆ ಇಡೀ ತೊಂದರೆ ಎರಡು ಚಾಟ್‌ಗಳದ್ದು. ಹೆಚ್ಚಿನ ಫೋನುಗಳಲ್ಲಿ ನಾನು ಕಂಡಿದ್ದೂ ಹೀಗೇ.

ಮೊದಲು ಮೇಲೆ ಹೇಳಿದ ಹಾಗೆ ಮನೆಯ ಗ್ರೂಪಿನ ಅಕ್ಷರವನ್ನು ಹೊರತೆಗೆದು ಇಮೇಲ್‌ಗೆ ಕಳಿಸಿದೆವು. ಆಮೇಲೆ ಗ್ರೂಪಿನ ಹೆಸರು ಒತ್ತಿ ಒಳಗೆ ಹೋದೆವು. ಪರದೆ ತುಂಬ ಚೌಕ ಚಿತ್ರಗಳು, ಹೊಸದು ಮೇಲೆ. ಇದೇ ಕ್ರಮದಲ್ಲಿ ಒಂದೊಂದೇ ನೋಡುತ್ತಾ ಹೋದರೆ ಕೆಲಸ ಮುಗಿಯುವುದಿಲ್ಲ. ಮೇಲೆ ಬಲಗಡೆ ಕ್ರಮ ಬದಲಿಸುವ ಗುರುತು ಇರುತ್ತದೆ. ಅದನ್ನು ಒತ್ತಿ Largest ಆರಿಸಿ. ಅತಿ ದೊಡ್ಡ ಫೈಲ್ ಮೊದಲಿಗೆ ಬರುತ್ತದೆ.

ಮೊದಲಿಗೆ ಬಂದಿದ್ದು ಮದುವೆಯೊಂದರ ವಿಡಿಯೋ, 780 ಎಂಬಿ. ಅದನ್ನು ವಿಡಿಯೋ ಆಗಿ ಕಳಿಸಿರಲಿಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದ್ದರು. ವಿಡಿಯೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಗಾತ್ರದಲ್ಲೇ ಹೋಗುತ್ತದೆ, 2 ಜಿಬಿವರೆಗೂ ಬಿಡುತ್ತದೆ. ಅದರ ಕೆಳಗೆ ಆರತಕ್ಷತೆಯ ತುಣುಕುಗಳು, ಮಕ್ಕಳ ನೃತ್ಯ, ಯಾರೋ ಫಾರ್ವರ್ಡ್ ಮಾಡಿದ ಪ್ರವಚನಗಳು. ಎಲ್ಲಾ ಹತ್ತಾರು ಎಂಬಿಯವು.

ಚಿಕ್ಕಮ್ಮ ಪಕ್ಕದಲ್ಲೇ ಕೂತು ಒಂದೊಂದನ್ನೂ ನೋಡಿ "ಇದು ಬೇಡ, ಇದು ಇರಲಿ" ಅಂದರು. ಒಂದು ಚಿತ್ರವನ್ನು ಒತ್ತಿ ಹಿಡಿದರೆ ಅದು ಆಯ್ಕೆಯಾಗುತ್ತದೆ, ಆಮೇಲೆ ಉಳಿದವನ್ನು ಸುಮ್ನೆ ಮುಟ್ಟುತ್ತಾ ಹೋದರೆ ಸಾಕು. "ಇರಲಿ" ಅಂದವಕ್ಕೆ ನಕ್ಷತ್ರ ಹಾಕಿದೆವು. ಮದುವೆಯ ದೊಡ್ಡ ಫೈಲ್ ಅವರ ಮಗಳ ಲ್ಯಾಪ್‌ಟಾಪಿನಲ್ಲಿ ಇತ್ತು. ಇದೆ ಅಂತ ಫೋನ್ ಮಾಡಿ ಕೇಳಿ, ಅವಳು ತೆರೆದು ನೋಡಿ ಹೇಳಿದ ಮೇಲೆಯೇ ಅದನ್ನು ಆರಿಸಿದೆವು. ಡಿಲೀಟ್ ಗುರುತು ಒತ್ತಿ, ಬಂದ ಪ್ರಶ್ನೆಯನ್ನು ಪೂರ್ತಿ ಓದಿ ಒಪ್ಪಿದೆವು.

ಫೋಟೋಗಳ ತಂಟೆಗೆ ಹೋಗಲಿಲ್ಲ. ವಾಟ್ಸಾಪ್ ಕುಗ್ಗಿಸಿದ ಒಂದು ಫೋಟೋ ಸುಮಾರು 150 ಕೆಬಿ ಅಂತ ಇಟ್ಟುಕೊಂಡರೆ, 90 ಎಂಬಿಯ ಒಂದೇ ವಿಡಿಯೋ 600 ಫೋಟೋಗಳಿಗೆ ಸಮ. ನೆನಪಿನ ಫೋಟೋಗಳನ್ನು ಜರಡಿ ಹಿಡಿಯುವ ಬದಲು ಮೇಲಿನ ಎರಡು ಮೂರು ಪರದೆಯಷ್ಟು ವಿಡಿಯೋ ನೋಡಿದರೆ ಮುಗಿಯಿತು, ಅಲ್ವಾ?

ಕೊನೆಗೆ ಮನೆಯ ಗ್ರೂಪ್ 6.1ರಿಂದ 1.9 ಜಿಬಿಗೆ ಇಳಿಯಿತು. ಚಾಟ್ ತೆರೆದು ಹಿಂದೆ ಹೋಗಿ ನೋಡಿದರೆ ಮಾತುಗಳೆಲ್ಲಾ ಇದ್ದವು.

4.2 ಜಿಬಿ ಅಳಿಸಿದರೂ ಫೋನಿನಲ್ಲಿ ಅಷ್ಟು ಜಾಗ ಬರಲಿಲ್ಲ. ಯಾಕೆ?

ಚಿಕ್ಕಮ್ಮನ ಫೋನಿನಲ್ಲೂ ಹೀಗೇ ಆಯಿತು. 1.3ಕ್ಕೆ 4.2 ಸೇರಿ 5.5 ಜಿಬಿ ಖಾಲಿ ಇರಬೇಕಿತ್ತು. ತೋರಿಸಿದ್ದು 4.6. ಉಳಿದ 0.9 ಎಲ್ಲಿ ಹೋಯಿತು?

ತವರಿನ ಗ್ರೂಪಿನಲ್ಲಿತ್ತು. ಅದೇ ಮದುವೆಯ ಫೈಲನ್ನೂ ಇನ್ನೊಂದೆರಡು ತುಣುಕುಗಳನ್ನೂ ಅಲ್ಲಿಗೂ ಫಾರ್ವರ್ಡ್ ಮಾಡಿದ್ದರು. ಒಂದೇ ಫೈಲನ್ನು ಎರಡು ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ಫೋನಿನ ಒಳಗೆ ಒಂದೇ ಫೈಲ್ ಇದ್ದು, ಎರಡೂ ಗ್ರೂಪ್ ಅದನ್ನೇ ತೋರಿಸುತ್ತಿರಬಹುದು. ಒಂದು ಗ್ರೂಪಿನಲ್ಲಿ ಅಳಿಸಿದರೆ ಇನ್ನೊಂದಕ್ಕೆ ಅದು ಇನ್ನೂ ಬೇಕಲ್ಲ, ಹಾಗಾಗಿ ಜಾಗ ಬಿಡುಗಡೆ ಆಗುವುದಿಲ್ಲ. ಒಂದೇ ಫೈಲಿನ ಎಲ್ಲ ಪ್ರತಿಗಳನ್ನೂ ಅಳಿಸಬೇಕು ಅಂತ ವಾಟ್ಸಾಪ್‌ನವರೇ ಹೇಳುತ್ತಾರೆ. ತವರಿನ ಗ್ರೂಪಿಗೂ ಹೋಗಿ Largest ಕ್ರಮ ಹಾಕಿ ಅವೇ ಫೈಲುಗಳನ್ನು ತೆಗೆದ ಮೇಲೆ 5.5 ಬಂತು.

ಡಿಲೀಟ್ ಒತ್ತಿದಾಗ ಕೆಲವು ಸಲ ಪ್ರತಿಗಳನ್ನೂ ಅಳಿಸಲೇ ಅಂತ ಅದೇ ಕೇಳುತ್ತದೆ. ಒಪ್ಪಿದರೆ ಬೇರೆ ಚಾಟ್‌ಗಳಿಂದಲೂ ಅದು ಹೋಗುತ್ತದೆ, ಅಲ್ಲಿ ಅದರ ಕೆಳಗೆ ಬರೆದ ಸಾಲಿನ ಸಮೇತ. ಆ ಇನ್ನೊಂದು ಚಾಟ್ ಯಾವುದು ಅಂತ ಗೊತ್ತಿದ್ದರೆ ಮಾತ್ರ ಒಪ್ಪಿ.

ಇನ್ನೊಂದು ಕಾರಣ, ಗ್ಯಾಲರಿಯ ಕಸದಬುಟ್ಟಿ. ಅದು ಮುಂದಿನ ಪ್ರಶ್ನೆ.

ಗ್ಯಾಲರಿಯಲ್ಲೋ ಫೈಲ್ ಮ್ಯಾನೇಜರಿನಲ್ಲೋ ಅಳಿಸಿದರೆ ಆಗುವುದಿಲ್ಲವಾ?

ಆಗುತ್ತದೆ, ಆದರೆ ನಡೆಯುವುದು ಬೇರೆ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಫೈಲುಗಳು ಇರುವುದು ಇಲ್ಲಿ:

```
Android/media/com.whatsapp/WhatsApp/Media
```

ಅದರ ಒಳಗೆ `WhatsApp Images`, `WhatsApp Video`, `WhatsApp Documents` ಹೀಗೆ ಫೋಲ್ಡರುಗಳಿವೆ. ಇಲ್ಲಿಂದ ಒಂದು ವಿಡಿಯೋ ಅಳಿಸಿದರೆ ಫೈಲ್ ಹೋಗುತ್ತದೆ, ಚಾಟ್‌ನಲ್ಲಿ ಮೆಸೇಜ್ ಉಳಿಯುತ್ತದೆ. ಮಸುಕಾದ ಚಿತ್ರ ಕಾಣುತ್ತದೆ, ಕೆಳಗೆ ಬರೆದ ಸಾಲೂ ಇರುತ್ತದೆ. ಒತ್ತಿದರೆ ಫೈಲ್ ಇಲ್ಲ ಅನ್ನುತ್ತದೆ. ಸಾಲು ಉಳಿಯಬೇಕು, ವಿಡಿಯೋ ಹೋಗಬೇಕು ಅನ್ನುವವರಿಗೆ ಇದು ಒಳ್ಳೆಯ ದಾರಿಯೇ.

ತೊಂದರೆ ಏನೆಂದರೆ ಇಲ್ಲಿ ಚಾಟ್ ಪ್ರಕಾರ ವಿಂಗಡಣೆ ಇಲ್ಲ. ಎಲ್ಲ ಚಾಟ್‌ಗಳ ವಿಡಿಯೋಗಳೂ ಒಂದೇ ಫೋಲ್ಡರಿನಲ್ಲಿ, `VID-20250112-WA0007.mp4` ಅನ್ನೋ ಥರದ ಹೆಸರಿನಲ್ಲಿ ಇರುತ್ತವೆ. ನಡುವಿನ ಎಂಟು ಅಂಕಿ ತಾರೀಖು. ಯಾರು ಕಳಿಸಿದ್ದು ಅಂತ ಹೆಸರಿನಿಂದ ತಿಳಿಯುವುದಿಲ್ಲ. ಹಾಗಾಗಿ ನನ್ನ ಸಲಹೆ: ಬರೀ ಫಾರ್ವರ್ಡ್ ಸರಕನ್ನೆಲ್ಲಾ Manage storage ಮೂಲಕ ತೆಗೆಯಿರಿ. ಕೆಳಗೆ ಮುಖ್ಯವಾದ ಸಾಲು ಇರುವ ನಾಲ್ಕಾರು ದೊಡ್ಡ ವಿಡಿಯೋಗಳಿದ್ದರೆ, ಅವುಗಳ ತಾರೀಖು ನೋಡಿಕೊಂಡು ಫೈಲ್ ಮ್ಯಾನೇಜರಿನಲ್ಲಿ ಹುಡುಕಿ ತೆಗೆಯಿರಿ. ಹೀಗೆ ತೆಗೆದ ಫೈಲನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು ಅಂತ ನಂಬಿ ಕೂರಬೇಡಿ. ಹಳೆಯದಾದರೆ ಕಳಿಸಿದವರನ್ನೇ ಮತ್ತೆ ಕೇಳಬೇಕಾಗುತ್ತದೆ.

ಗ್ಯಾಲರಿ ಅಥವಾ ಗೂಗಲ್ ಫೋಟೋಸ್‌ನಿಂದ ಅಳಿಸಿದ್ದು ಮೊದಲು ಕಸದಬುಟ್ಟಿಗೆ ಹೋಗುತ್ತದೆ. ಅಲ್ಲಿ ಕೆಲವು ವಾರ ಇದ್ದೇ ಇರುತ್ತದೆ, ಜಾಗವನ್ನೂ ಹಿಡಿದಿರುತ್ತದೆ. ಜಾಗ ಇವತ್ತೇ ಬೇಕಿದ್ದರೆ ಅದನ್ನೂ ಖಾಲಿ ಮಾಡಿ.

ನಾವೇ ಕಳಿಸಿದ ಫೋಟೋ, ವಿಡಿಯೋಗಳೂ ಜಾಗ ಹಿಡಿಯುತ್ತವಾ?

ಹೌದು, ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ. ನಿಮ್ಮ ಕ್ಯಾಮೆರಾದಲ್ಲಿ ತೆಗೆದ ವಿಡಿಯೋವನ್ನು ಕಳಿಸಿದಾಗ, ವಾಟ್ಸಾಪ್ ಅದರ ಕುಗ್ಗಿಸಿದ ಪ್ರತಿಯೊಂದನ್ನು ಮಾಡಿಕೊಂಡು ಕಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ಪ್ರತಿ ಮೇಲಿನ ಫೋಲ್ಡರುಗಳ ಒಳಗಿನ `Sent` ಅನ್ನೋದರಲ್ಲಿ ಉಳಿಯುತ್ತದೆ. ಮೂಲ ವಿಡಿಯೋ ಕ್ಯಾಮೆರಾ ಫೋಲ್ಡರಿನಲ್ಲಿ ಬೇರೆ ಇದ್ದೇ ಇರುತ್ತದೆ. Manage storage ಪರದೆಯಲ್ಲಿ ನೀವು ಕಳಿಸಿದ್ದೂ ಬಂದಿದ್ದೂ ಎರಡೂ ಕಾಣುತ್ತವೆ. ನೀವೇ ತೆಗೆದು ಕಳಿಸಿದ್ದು, ಮೂಲ ನಿಮ್ಮ ಬಳಿಯೇ ಇದೆ ಅನ್ನೋದು ಖಾತ್ರಿಯಾದರೆ ಅಂಥವನ್ನು ಧೈರ್ಯವಾಗಿ ತೆಗೆಯಬಹುದು.

ಐಫೋನಿನಲ್ಲಿ ಏನು ವ್ಯತ್ಯಾಸ?

ಪರದೆ ಹೆಚ್ಚು ಕಡಿಮೆ ಅದೇ. ಫೈಲುಗಳು ಮಾತ್ರ ವಾಟ್ಸಾಪ್ ಒಳಗೇ ಇರುತ್ತವೆ, ಹೊರಗಿನಿಂದ ಫೋಲ್ಡರ್ ತೆರೆದು ಅಳಿಸುವ ದಾರಿ ಇಲ್ಲ. ಬಂದ ಫೋಟೋಗಳು ತಾನಾಗೇ ಫೋಟೋಸ್ ಆ್ಯಪಿಗೆ ಸೇರುವ ಹಾಗೆ ನೀವು ಇಟ್ಟಿದ್ದರೆ, ಅಲ್ಲಿರುವುದು ಇನ್ನೊಂದು ಪ್ರತಿ. ವಾಟ್ಸಾಪ್‌ನಲ್ಲಿ ಅಳಿಸಿದರೆ ಅದು ಹೋಗುವುದಿಲ್ಲ, ಅಲ್ಲಿ ಅಳಿಸಿದರೆ ಇದು ಹೋಗುವುದಿಲ್ಲ. ಎರಡು ಕಡೆಯೂ ಅಳಿಸಿ, ಫೋಟೋಸ್‌ನ Recently Deleted ಕೂಡ ಖಾಲಿ ಮಾಡಬೇಕು. ಅಲ್ಲಿ ಅಳಿಸಿದ್ದು 30 ದಿನ ಉಳಿದಿರುತ್ತದೆ.

Select all ಒತ್ತಿ ಒಂದೇ ಸಲ ಎಲ್ಲಾ ತೆಗೆಯಬಹುದಾ?

ತೆಗೆಯಬಹುದು. ದಯವಿಟ್ಟು ಮನೆಯವರ ಚಾಟ್‌ಗಳಲ್ಲಿ ಮಾಡಬೇಡಿ. ಈ ಪರದೆಯಲ್ಲಿ ವಿಡಿಯೋಗಳ ಜೊತೆಗೆ ಧ್ವನಿಯ ಫೈಲುಗಳೂ ಸೇರಿರಬಹುದು. ಚಿಕ್ಕಮ್ಮನ ಗ್ರೂಪಿನಲ್ಲಿ ತೀರಿಕೊಂಡ ಅಜ್ಜ ಹಿಂದೆ ಕಳಿಸಿದ್ದ ವಾಯ್ಸ್ ಮೆಸೇಜುಗಳಿದ್ದವು. "ಊಟ ಆಯ್ತೇನಮ್ಮಾ" ಅಂತ ಕೇಳುವ, ಕೆಲವೇ ಸೆಕೆಂಡಿನವು. ಗಾತ್ರದಲ್ಲಿ ಏನೂ ಅಲ್ಲ, Largest ಕ್ರಮದಲ್ಲಿ ಅವು ತಳದಲ್ಲಿರುತ್ತವೆ. ಒಂದು Select all ಅವನ್ನೂ ಒಯ್ಯುತ್ತಿತ್ತು.

ಅಂಥ ಧ್ವನಿಗಳು ನಿಮ್ಮ ಚಾಟ್‌ನಲ್ಲಿದ್ದರೆ ಇವತ್ತೇ ಅವನ್ನು ಹೊರಗೆ ಉಳಿಸಿ. ಚಾಟ್‌ನಲ್ಲಿ ಆ ಮೆಸೇಜನ್ನು ಒತ್ತಿ ಹಿಡಿದು, ಶೇರ್ ಆಯ್ಕೆ ಒತ್ತಿ, ಡ್ರೈವ್‌ಗೋ ಇಮೇಲ್‌ಗೋ ಕಳಿಸಿ. ನಕ್ಷತ್ರ ಹಾಕುವುದು ಹುಡುಕಲು ಅನುಕೂಲ ಅಷ್ಟೇ. ನಕ್ಷತ್ರ ಇದೆ ಅಂತ ಫೈಲ್ ಬೇರೆಲ್ಲೂ ಹೋಗಿ ಕೂತಿರುವುದಿಲ್ಲ. ಅಳಿಸುವಾಗ ಬರುವ ಪ್ರಶ್ನೆಯಲ್ಲಿ ನಕ್ಷತ್ರ ಹಾಕಿದವನ್ನೂ ಅಳಿಸುವ ಮಾತಿದೆಯಾ ಅಂತ ನೋಡಿಕೊಳ್ಳಿ.

ಲೇಔಟಿನ ಗ್ರೂಪ್, ಹಳೆಯ ಕೋರ್ಸಿನ ಗ್ರೂಪ್ ಇಂಥವಕ್ಕೆ Select all ಸರಿ. Forwarded many times ಅನ್ನೋ ಗುಂಪಿಗೂ ಹೆಚ್ಚಿನ ಸಲ ಸರಿಯೇ. ಅದರಲ್ಲಿ ಬರುವುದು ಮೂಲ ಕಳಿಸಿದವರಿಂದ ಐದು ಅಥವಾ ಹೆಚ್ಚು ಚಾಟ್ ದಾಟಿ ಬಂದ ಫೈಲುಗಳು, ಚಾಟ್‌ನಲ್ಲಿ ಎರಡು ಬಾಣದ ಗುರುತು ಇರುವಂಥವು. ಮನೆಯ ಫೋಟೋ ಅಷ್ಟು ಕೈ ದಾಟಿ ಬರುವುದು ಅಪರೂಪ. ಆದರೂ ಒಮ್ಮೆ ಕಣ್ಣಾಡಿಸಿ.

Clear chat ಕೂಡ ಇದೇ ಕೆಲಸ ಮಾಡುತ್ತದಲ್ಲ?

ಇಲ್ಲ. Clear chat ಹಾಗೇ ಒಪ್ಪಿಕೊಂಡರೆ ಅಕ್ಷರದ ಮೆಸೇಜುಗಳೂ ಹೋಗುತ್ತವೆ, ಖಾಲಿ ಚಾಟ್ ಉಳಿಯುತ್ತದೆ. ಅದರಲ್ಲಿ ಬರುವ ಆಯ್ಕೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಗುರುತು ಹಾಕುವ ಪ್ರತಿ ಸಾಲನ್ನೂ ಓದಿ, ಅರ್ಥ ಆಗದಿದ್ದರೆ ಹಿಂದೆ ಬನ್ನಿ.

ಇದಕ್ಕಿಂತ ಅಪಾಯದ್ದು ಫೋನಿನ ಸೆಟ್ಟಿಂಗಿನಲ್ಲಿದೆ. ಆಂಡ್ರಾಯ್ಡ್‌ನಲ್ಲಿ ಆ್ಯಪುಗಳ ಪಟ್ಟಿಗೆ ಹೋಗಿ ವಾಟ್ಸಾಪ್ ತೆರೆದರೆ Clear cache ಮತ್ತು Clear data ಅಂತ ಎರಡು ಇರುತ್ತವೆ. ಕೆಲವು ಫೋನುಗಳಲ್ಲಿ ಎರಡನೆಯದರ ಹೆಸರು Clear storage. ಮೊದಲನೆಯದರಿಂದ ಚಾಟ್‌ಗೆ ಏನೂ ಆಗುವುದಿಲ್ಲ. ಎರಡನೆಯದನ್ನು ಒತ್ತಿದರೆ ವಾಟ್ಸಾಪ್ ಹೊಸದಾಗಿ ಹಾಕಿಕೊಂಡ ಹಾಗೆ ಆಗುತ್ತದೆ. ಬ್ಯಾಕಪ್ ಇದ್ದರೆ ಮಾತ್ರ ಮಾತುಗಳು ವಾಪಸ್.

ಅಳಿಸಿದ ಮೇಲೆ ಬೇಕು ಅನ್ನಿಸಿದರೆ ವಾಪಸ್ ಸಿಗುತ್ತದಾ?

ನಿಮ್ಮ ಫೋನಿನಲ್ಲಿ ಅಳಿಸಿದ್ದು ನಿಮ್ಮಲ್ಲಿ ಮಾತ್ರ ಹೋಗಿರುತ್ತದೆ. ಗ್ರೂಪಿನ ಬೇರೆಯವರ ಹತ್ತಿರ ಅದು ಹಾಗೇ ಇರುತ್ತದೆ. ಹಾಗಾಗಿ ಅವರನ್ನು ಕೇಳಿ ತರಿಸಿಕೊಳ್ಳುವುದೇ ಸುಲಭದ ದಾರಿ. ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದು ಡೌನ್‌ಲೋಡ್ ಮಾಡಿದ್ದರೆ ಅಲ್ಲಿನ Downloads ಫೋಲ್ಡರಿನಲ್ಲಿ ಹುಡುಕಿ.

ಬ್ಯಾಕಪ್‌ನಿಂದ ಒಂದೇ ಒಂದು ಫೈಲನ್ನು ಅಥವಾ ಒಂದೇ ಚಾಟನ್ನು ಎತ್ತಿ ತರಲು ಬರುವುದಿಲ್ಲ. ಇಡೀ ವಾಟ್ಸಾಪ್ ಹಿಂದಿನ ಸ್ಥಿತಿಗೆ ಹೋಗುತ್ತದೆ, ಆ ಬ್ಯಾಕಪ್ ಆದ ಮೇಲಿನ ಮಾತುಗಳು ಕಳೆದುಹೋಗುತ್ತವೆ. ಸಾಲದ್ದಕ್ಕೆ ಮುಂದಿನ ಬ್ಯಾಕಪ್ ಆದಾಗ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ.

ಗೂಗಲ್ ಖಾತೆಯೂ ತುಂಬಿದೆ ಅನ್ನುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಹಿಂದೆ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2024ರಿಂದ ಸೇರುತ್ತಿದೆ. ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್, ಫೋಟೋಸ್, ಡ್ರೈವ್ ಜೊತೆಗೆ ಈಗ ವಾಟ್ಸಾಪ್ ಕೂಡ ಹಂಚಿಕೊಳ್ಳುತ್ತದೆ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿಯಷ್ಟೇ.

ಚಾಟ್‌ಗಳ ದೊಡ್ಡ ಫೈಲು ತೆಗೆದ ಮೇಲೆ Settings, Chats, Chat backup ಹೀಗೆ ಹೋಗಿ ಒಮ್ಮೆ ಬ್ಯಾಕಪ್ ಮಾಡಿ. ಆಮೇಲಷ್ಟೇ ಅಲ್ಲಿನ ಗಾತ್ರ ಇಳಿಯುವುದು. ಅದೇ ಪರದೆಯಲ್ಲಿ Include videos ಅನ್ನೋದು ಚಾಲೂ ಇದ್ದರೆ, ವಿಡಿಯೋ ಬೇಡ ಅನ್ನುವವರು ಆಫ್ ಮಾಡಿ. ಮಾತುಗಳ ಬ್ಯಾಕಪ್‌ಗೆ ಅದರಿಂದ ತೊಂದರೆ ಇಲ್ಲ.

ಮತ್ತೆ ಮತ್ತೆ ತುಂಬದ ಹಾಗೆ ಏನು ಮಾಡಬೇಕು?

Storage and data ಒಳಗೇ Media auto-download ಅನ್ನೋ ಭಾಗ ಇದೆ. ಆಂಡ್ರಾಯ್ಡ್‌ನಲ್ಲಿ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರಕ್ಕೂ ಬೇರೆ ಬೇರೆ ಆಯ್ಕೆ. ಮನೆಯಲ್ಲಿ ವೈಫೈ ಇರುವವರ ಫೋನ್ ತುಂಬುವುದು ಹೆಚ್ಚಾಗಿ ವೈಫೈ ಆಯ್ಕೆಯಿಂದಲೇ. ಅಲ್ಲಿ ವಿಡಿಯೋ ಮತ್ತು ಡಾಕ್ಯುಮೆಂಟ್ ಗುರುತು ತೆಗೆದು, ಫೋಟೋ ಮಾತ್ರ ಇಟ್ಟುಕೊಳ್ಳಿ. ವಿಡಿಯೋ ಬಂದಾಗ ಮಸುಕಾಗಿ ಕಾಣುತ್ತದೆ, ಬೇಕಿದ್ದರೆ ಒತ್ತಿ ಇಳಿಸಿಕೊಳ್ಳಬಹುದು. ವಾಯ್ಸ್ ಮೆಸೇಜುಗಳು ಏನೇ ಮಾಡಿದರೂ ತಾನಾಗೇ ಇಳಿಯುತ್ತವೆ.

Media visibility ಆಫ್ ಮಾಡಿದರೆ ಜಾಗ ಉಳಿಯುತ್ತದೆ ಅಂತ ಕೆಲವರು ನಂಬಿದ್ದಾರೆ. ಅದು ಆಂಡ್ರಾಯ್ಡ್ ಗ್ಯಾಲರಿಯಲ್ಲಿ ಕಾಣದ ಹಾಗೆ ಮಾಡುತ್ತದೆ ಅಷ್ಟೇ, ಫೈಲ್ ಫೋನಿನಲ್ಲಿ ಇಳಿದೇ ಇರುತ್ತದೆ.

Disappearing messages ಹಾಕಿದರೆ ಈ ತಲೆನೋವೇ ಇರುವುದಿಲ್ಲ ಅಲ್ವಾ?

ಅದು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಅಕ್ಷರವನ್ನೂ ಒಯ್ಯುತ್ತದೆ. ಮಾತು ಉಳಿಯಬೇಕು ಅನ್ನುವವರಿಗೆ ಅಲ್ಲ.

ಗ್ರೂಪಿನಿಂದ ಹೊರಗೆ ಬಂದರೆ ಜಾಗ ಖಾಲಿಯಾಗುತ್ತದಾ?

ತಾನಾಗೇ ಆಗುವುದಿಲ್ಲ. ಹೊರಗೆ ಬಂದರೂ ಆ ಚಾಟ್ ಮತ್ತು ಅದರ ಫೈಲುಗಳು ನಿಮ್ಮ ಫೋನಿನಲ್ಲಿ ಇರುತ್ತವೆ. ಆರ್ಕೈವ್ ಮಾಡಿದ ಚಾಟ್‌ಗಳೂ ಅಷ್ಟೇ, ಕಣ್ಣಿಗೆ ಮರೆಯಾಗುತ್ತವೆ, ಜಾಗ ಹಿಡಿದಿರುತ್ತವೆ. Manage storage ಸಾಲಿನಲ್ಲಿ ಕೆಳಗೆ ಇಳಿಯುತ್ತಾ ಹೋಗಿ, ನೀವು ಮರೆತೇ ಬಿಟ್ಟಿರುವ ಗ್ರೂಪುಗಳ ಹೆಸರು ಅಲ್ಲಿ ಸಿಗುತ್ತದೆ. ಅವನ್ನು ತೆರೆದು ಫೈಲು ತೆಗೆಯಿರಿ, ಮಾತು ಬೇಕೋ ಬೇಡವೋ ಅನ್ನೋದನ್ನು ಆಮೇಲೆ ನಿಧಾನವಾಗಿ ನೋಡಿಕೊಂಡರಾಯಿತು.